ಹಳೆಯ ಲ್ಯಾಪ್‌ಟಾಪು ವಿಂಡೋಸ್ 11 ತಾಳೀತೇ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಭದ್ರತಾ ಅಪ್‌ಡೇಟುಗಳು ನಿಂತವು. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರೆಲ್ಲ ಆಗಿನಿಂದ ಕೇಳುತ್ತಿರುವುದು ಒಂದೇ: ಇದಕ್ಕೇ ವಿಂಡೋಸ್ 11 ಹಾಕಿಸಬಹುದಾ, ಇಲ್ಲ ಹೊಸದನ್ನೇ ತರಬೇಕಾ? ಅಂಗಡಿಗೆ ಒಯ್ದರೆ ಕೆಲವರು ಮೊದಲು ರ‍್ಯಾಮ್ ಹಾಕಿಸಿ ಅನ್ನುತ್ತಾರೆ, ಕೆಲವರು ಎಸ್‌ಎಸ್‌ಡಿ ಹಾಕಿಸಿದರೆ ಸಾಕು ಅನ್ನುತ್ತಾರೆ. ಎರಡನ್ನೂ ಹಾಕಿಸಿದ ಮೇಲೆ ಪ್ರೊಸೆಸರ್ ಹಳೆಯದು, ಆಗುವುದಿಲ್ಲ ಅಂತ ಗೊತ್ತಾದರೆ ಹಾಕಿದ ದುಡ್ಡು ಹೋದ ಹಾಗೇ.

ಅದಕ್ಕೇ ಬದಲಿಸಲು ಬಾರದ್ದನ್ನು ಮೊದಲು ನೋಡಬೇಕು. ಈಚಿನ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರ್ ಮದರ್‌ಬೋರ್ಡಿಗೆ ಬೆಸುಗೆಯಾಗಿಯೇ ಬಂದಿರುತ್ತದೆ, ಅದನ್ನು ಕಿತ್ತು ಬೇರೆ ಹಾಕುವ ಮಾತಿಲ್ಲ. ರ‍್ಯಾಮ್ ಮತ್ತು ಡಿಸ್ಕನ್ನು ಬಹಳಷ್ಟು ಮಾದರಿಗಳಲ್ಲಿ ಬದಲಿಸಬಹುದು. ಇನ್ನು ಟಿಪಿಎಂ, ಸೆಕ್ಯೂರ್ ಬೂಟ್ ಎಂದು ಹೆದರಿಸುವ ಎರಡು ಸಂಗತಿಗಳಿವೆಯಲ್ಲ, ಅವು ಹೆಚ್ಚಿನ ಸಲ ಯಂತ್ರದಲ್ಲಿ ಇದ್ದೇ ಇರುತ್ತವೆ, ಆನ್ ಆಗಿರುವುದಿಲ್ಲ ಅಷ್ಟೇ.

ಪ್ರೊಸೆಸರ್ ನೋಡಲು ವಿಂಡೋಸ್ ಕೀ ಜೊತೆ R ಒತ್ತಿ `msinfo32` ಎಂದು ಟೈಪ್ ಮಾಡಿ ಎಂಟರ್ ಕೊಡಿ. ತೆರೆಯುವ ಪಟ್ಟಿಯಲ್ಲಿ Processor ಎಂಬ ಸಾಲಿನಲ್ಲಿ i5-8250U ಎಂಬಂಥ ಒಂದು ಹೆಸರು ಇರುತ್ತದೆ. ಜನ ಸಾಮಾನ್ಯವಾಗಿ ನೋಡುವುದು i3, i5, i7 ಎಂಬುದನ್ನು. ಇಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಅಡ್ಡಗೆರೆಯ ನಂತರ ಬರುವ ಅಂಕಿ ತಲೆಮಾರನ್ನು ಹೇಳುತ್ತದೆ: 8250ರಲ್ಲಿ 8, ಅಂದರೆ ಎಂಟನೆಯ ತಲೆಮಾರು. 10210 ಅಥವಾ 1035 ಎಂದು ಶುರುವಾದರೆ ಹತ್ತನೆಯದು. ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಒಪ್ಪಿರುವುದು ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಅದರ ಈಚಿನದನ್ನು. ಏಳನೆಯದರಲ್ಲಿ ಬೆರಳೆಣಿಕೆಯ ಮಾದರಿಗಳಿಗೆ ಮಾತ್ರ ವಿನಾಯಿತಿ ಇದೆ, ಮನೆಯ ಲ್ಯಾಪ್‌ಟಾಪುಗಳಲ್ಲಿ ಅವು ಸಿಗುವುದು ಅಪರೂಪ.

ಇಲ್ಲಿ ಕೊಂಡ ವರ್ಷವನ್ನು ನಂಬಿದವರು ಬಹಳ ಮಂದಿ ಮೋಸಹೋಗುತ್ತಾರೆ. i5-8250U ಮಾರುಕಟ್ಟೆಗೆ ಬಂದದ್ದು 2017ರಲ್ಲಿ. i3-7020U ಎಂಬ ಅಗ್ಗದ ಚಿಪ್ ಬಂದದ್ದು ಅದಕ್ಕಿಂತ ಈಚೆಗೆ, 2018ರಲ್ಲಿ. ಆದರೆ ಒಳಗಿರುವುದು ಏಳನೆಯ ತಲೆಮಾರಿನದೇ ವಿನ್ಯಾಸ. ಹೀಗಾಗಿ ಒಂದೇ ಮನೆಯಲ್ಲಿ 2018ರ ಶುರುವಿನಲ್ಲಿ ಅಣ್ಣ ಕೊಂಡ ಲ್ಯಾಪ್‌ಟಾಪ್ ಪಾಸಾಗಿ, ಮರುವರ್ಷ ತಂಗಿ ಕೊಂಡದ್ದು ಫೇಲಾಗಬಹುದು. ಎಎಂಡಿಯಲ್ಲೂ ಇಂಥದೇ ತೊಡಕಿದೆ. ರೈಜನ್ 2000 ಸರಣಿಯಿಂದ ಮೇಲೆ ನಡೆಯುತ್ತದೆ ಎಂಬ ಮಾತು ಡೆಸ್ಕ್‌ಟಾಪಿಗೆ ಬಹುಮಟ್ಟಿಗೆ ಸರಿ. ಲ್ಯಾಪ್‌ಟಾಪಿನ Ryzen 5 2500U ಹೆಸರಿನಲ್ಲಿ 2000 ಇದ್ದರೂ ಒಳಗೆ ಮೊದಲ ತಲೆಮಾರಿನದು, ಅನುಮತಿಯ ಪಟ್ಟಿಯಲ್ಲಿ ಇಲ್ಲ. ಸಂಶಯವಿದ್ದರೆ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿ ಪೂರ್ತಿ ಹೆಸರನ್ನೇ ಹುಡುಕಬೇಕು, ಅಂದಾಜು ನಡೆಯುವುದಿಲ್ಲ.

ವೇಗ ಸಾಲದು ಅಂತ ಹಾಕಿದ ಗೆರೆ ಇದಲ್ಲ. ಏಳನೆಯ ತಲೆಮಾರಿನ i7 ಎಷ್ಟೋ ಕೆಲಸದಲ್ಲಿ ಎಂಟನೆಯ ತಲೆಮಾರಿನ i3ಗಿಂತ ಚುರುಕು, ಆದರೂ ಹೊರಗೇ ಉಳಿಯಿತು. ಮೈಕ್ರೋಸಾಫ್ಟ್ ಕೊಟ್ಟ ಕಾರಣ ಭದ್ರತೆ ಮತ್ತು ಸ್ಥಿರತೆ. ಪ್ರಯೋಗದ ಹಂತದಲ್ಲಿ ಅರ್ಹತೆ ಇಲ್ಲದ ಯಂತ್ರಗಳಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ ಮಟ್ಟದ ಕ್ರ್ಯಾಶುಗಳು ಶೇ. 52ರಷ್ಟು ಹೆಚ್ಚಿದ್ದವು ಎಂದು ಅದು 2021ರಲ್ಲಿ ಹೇಳಿತ್ತು. ಏಳನೆಯದಕ್ಕೂ ಎಂಟನೆಯದಕ್ಕೂ ನಡುವೆಯೇ ಗೆರೆ ಎಳೆದದ್ದು ನ್ಯಾಯವೇ ಎಂಬ ತಕರಾರು ನನಗೂ ಇದೆ. ಆದರೆ ತಕರಾರು ಇಟ್ಟುಕೊಂಡು ಅಪ್‌ಗ್ರೇಡ್ ಆಗುವುದಿಲ್ಲವಲ್ಲ.

ಅಣ್ಣನ ಲ್ಯಾಪ್‌ಟಾಪನ್ನೇ ತೆಗೆದುಕೊಳ್ಳೋಣ: i5-8250U, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಮೈಕ್ರೋಸಾಫ್ಟಿನ PC Health Check ಎಂಬ ಉಚಿತ ಆ್ಯಪ್ ಹಾಕಿ ಪರೀಕ್ಷಿಸಿದರೆ, ಪ್ರೊಸೆಸರಿಗೆ ಹಸಿರು ಗುರುತು ಬಂದರೂ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎರಡಕ್ಕೂ ಇಲ್ಲ ಅನ್ನುತ್ತದೆ. ಇಲ್ಲಿಗೇ ಕೈಬಿಡುವವರೇ ಹೆಚ್ಚು. ಈ ತಲೆಮಾರಿನ ಇಂಟೆಲ್ ಯಂತ್ರಗಳಲ್ಲಿ ಟಿಪಿಎಂ ಕೆಲಸವನ್ನು ಫರ್ಮ್‌ವೇರ್ ಒಳಗೇ ಮಾಡುವ ವ್ಯವಸ್ಥೆ ಇದೆ. ಬಯೋಸ್ ಸೆಟ್ಟಿಂಗಿನಲ್ಲಿ ಅದರ ಹೆಸರು Intel PTT, ಎಎಂಡಿಯಲ್ಲಾದರೆ fTPM. ಅದನ್ನು Enabled ಮಾಡಿ ಬಂದು `tpm.msc` ಕೊಟ್ಟರೆ Specification Version ಎಂಬಲ್ಲಿ 2.0 ಕಾಣಬೇಕು.

ಸೆಕ್ಯೂರ್ ಬೂಟ್ ಸ್ವಲ್ಪ ಹೆಚ್ಚು ಕಾಡುತ್ತದೆ. `msinfo32` ಪಟ್ಟಿಯಲ್ಲಿ BIOS Mode ಎದುರು UEFI ಎಂದಿದ್ದರೆ ಸೆಟ್ಟಿಂಗಿನಲ್ಲಿ ಆನ್ ಮಾಡಿದರೆ ಮುಗಿಯಿತು. ಅಣ್ಣನ ಲ್ಯಾಪ್‌ಟಾಪಿನಲ್ಲಿ Legacy ಎಂದಿದೆ. ಹಿಂದೆ ಯಾವಾಗಲೋ ವಿಂಡೋಸ್ ಕೆಟ್ಟಾಗ ಅಂಗಡಿಯಲ್ಲಿ ಹಳೆಯ ಪದ್ಧತಿಯಲ್ಲೇ ಮರಳಿ ಹಾಕಿಕೊಟ್ಟಿದ್ದಾರೆ, ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಜನೆಯಲ್ಲಿದೆ. ಅದನ್ನು ಜಿಪಿಟಿಗೆ ಬದಲಿಸದೆ UEFI ಮಾಡಿದರೆ ಲ್ಯಾಪ್‌ಟಾಪ್ ಬೂಟ್ ಆಗುವುದಿಲ್ಲ. ಡೇಟಾ ಅಳಿಸದೆ ಬದಲಿಸುವ ಸಲಕರಣೆ ವಿಂಡೋಸ್ ಒಳಗೇ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲು ಪರೀಕ್ಷೆ ಮಾತ್ರ ಮಾಡಬೇಕು:

```
mbr2gpt /validate /disk:0 /allowFullOS
```

ಇದು ಏನನ್ನೂ ಬದಲಿಸುವುದಿಲ್ಲ, ಆಗುತ್ತದೋ ಇಲ್ಲವೋ ಹೇಳುತ್ತದೆ. ನಮ್ಮ ಕಡೆ ಇದು ಹೆಚ್ಚಾಗಿ ಸಿಕ್ಕಿಬೀಳುವುದು ಸಿ, ಡಿ, ಇ ಎಂದು ಡಿಸ್ಕನ್ನು ಪಾಲು ಮಾಡಿಸಿಕೊಳ್ಳುವ ಅಭ್ಯಾಸದಿಂದ. ವಿಂಡೋಸ್ ತನಗೆಂದು ಇಟ್ಟುಕೊಂಡ ಪುಟ್ಟ ಭಾಗವೂ ಸೇರಿ ಮೂರು ಮುಖ್ಯ ಭಾಗಗಳಿಗಿಂತ ಹೆಚ್ಚಿದ್ದರೆ, ಅಥವಾ ಇ ಡ್ರೈವ್ ಲಾಜಿಕಲ್ ಭಾಗವಾಗಿದ್ದರೆ, ಈ ಸಲಕರಣೆ ಒಪ್ಪುವುದಿಲ್ಲ. ಆಗ ಇ ಡ್ರೈವಿನದನ್ನೆಲ್ಲ ಹೊರಗಿನ ಡಿಸ್ಕಿಗೆ ತೆಗೆದಿಟ್ಟು ಆ ಭಾಗವನ್ನೇ ಅಳಿಸಬೇಕಾಗುತ್ತದೆ. ಪರೀಕ್ಷೆ ಪಾಸಾದರೆ ಇದೇ ಸಾಲಿನಲ್ಲಿ `/validate` ಬದಲು `/convert` ಹಾಕಿ, ಮರುಕ್ಷಣವೇ ಬಯೋಸಿಗೆ ಹೋಗಿ UEFI ಆರಿಸಬೇಕು. ಬ್ಯಾಕಪ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಆದರೆ ಇಷ್ಟೆಲ್ಲ ಮಾಡುವ ಮೊದಲು ಡಿಸ್ಕನ್ನೊಮ್ಮೆ ನೋಡಿಬಿಡುವುದು ಜಾಣತನ. ಯಾಕೆಂದರೆ ಡಿಸ್ಕನ್ನೇ ಬದಲಿಸುವುದಾದರೆ ಈ ಪರಿವರ್ತನೆಯ ತಲೆನೋವೇ ಬೇಡ. ಹೊಸ ಡಿಸ್ಕಿಗೆ UEFI ಪದ್ಧತಿಯಲ್ಲೇ ವಿಂಡೋಸ್ 11 ಹಾಕಿಸಿ ಹಳೆಯದನ್ನು ಹಾಗೇ ಎತ್ತಿಟ್ಟರೆ ಅದೇ ಬ್ಯಾಕಪ್ ಆಗುತ್ತದೆ. ಸರಿಯಾದ ಲೈಸೆನ್ಸಿನ ವಿಂಡೋಸ್ 10 ಆ್ಯಕ್ಟಿವೇಟ್ ಆಗಿದ್ದ ಯಂತ್ರವಾದರೆ ಮತ್ತೆ ಲೈಸೆನ್ಸ್ ಕೊಳ್ಳಬೇಕಿಲ್ಲ. ಆ ಗುರುತು ಡಿಸ್ಕಿನಲ್ಲಿ ಇರುವುದಿಲ್ಲ, ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ.

ಮೈಕ್ರೋಸಾಫ್ಟ್ ಕೇಳುವುದು 64 ಜಿಬಿಯ ಡಿಸ್ಕನ್ನು, ಅಣ್ಣನದು 1 ಟಿಬಿ. ಲೆಕ್ಕದಲ್ಲಿ ಪಾಸು. ಆದರೆ ಅದು ತಿರುಗುವ ಹಾರ್ಡ್‌ಡಿಸ್ಕ್. ಲ್ಯಾಪ್‌ಟಾಪ್ ಆನ್ ಮಾಡಿ ಏನನ್ನೂ ತೆರೆಯದೆ, Ctrl, Shift, Esc ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. Performance ವಿಭಾಗದಲ್ಲಿ Disk ಮೇಲೆ ಕ್ಲಿಕ್ ಮಾಡಿದರೆ ಅದು HDD ಅಥವಾ SSD ಎಂಬುದು ಅಲ್ಲೇ ಬರೆದಿರುತ್ತದೆ. ಹತ್ತು ನಿಮಿಷ ಕಳೆದರೂ ಗೆರೆ ಶೇ. 100ಕ್ಕೇ ಅಂಟಿಕೊಂಡಿದ್ದರೆ ನಿಮ್ಮ ಲ್ಯಾಪ್‌ಟಾಪ್ ನಿಧಾನವಾಗಿರುವುದು ಪ್ರೊಸೆಸರಿನಿಂದಲ್ಲ, ಈ ಡಿಸ್ಕಿನಿಂದ. ಇದರ ಮೇಲೆ ವಿಂಡೋಸ್ 11 ಹಾಕಿದರೆ ಹಾಕಿದ್ದಾಯಿತು ಅನ್ನಬಹುದೇ ಹೊರತು ಬಳಸಲಾಗದು. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಇದೇ ಜಾಗದಲ್ಲಿ ಕೂರುತ್ತದೆ. 256 ಜಿಬಿಯದು ಸಾಕು. ಮೊದಲೇ ಎಸ್‌ಎಸ್‌ಡಿ ಇದ್ದು ಅದರ ಮೇಲೇ ಅಪ್‌ಗ್ರೇಡ್ ಮಾಡುವವರು ಸಿ ಡ್ರೈವಿನಲ್ಲಿ ಕನಿಷ್ಠ 25-30 ಜಿಬಿ ಖಾಲಿ ಇಟ್ಟುಕೊಳ್ಳಬೇಕು. ಹಳೆಯ ವಿಂಡೋಸ್ Windows.old ಎಂಬ ಫೋಲ್ಡರಿನಲ್ಲಿ ಉಳಿಯುತ್ತದೆ, ಹೊಸದು ಹಿಡಿಸದಿದ್ದರೆ ಹತ್ತು ದಿನದೊಳಗೆ ಹಿಂದಿರುಗಬಹುದು.

ರ‍್ಯಾಮ್ ವಿಷಯದಲ್ಲಿ 4 ಜಿಬಿ ಎಂಬುದು ಕಾಗದದ ಮೇಲಿನ ಕನಿಷ್ಠ. ಅದರಲ್ಲಿ ಒಂದಷ್ಟನ್ನು ಗ್ರಾಫಿಕ್ಸ್ ಹಿಡಿದುಕೊಳ್ಳುತ್ತದೆ, ವಿಂಡೋಸ್ ತನಗೆ ಬೇಕಾದದ್ದನ್ನು ತೆಗೆದುಕೊಳ್ಳುತ್ತದೆ, ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆಯುವಷ್ಟರಲ್ಲಿ ಉಸಿರುಕಟ್ಟುತ್ತದೆ. 8 ಜಿಬಿ ಬೇಕೇ ಬೇಕು. ಹಾಕಿಸಲು ಬರುತ್ತದೋ ಎಂಬುದನ್ನು ಬಿಚ್ಚದೆಯೇ ತಿಳಿಯಬಹುದು. ಟಾಸ್ಕ್ ಮ್ಯಾನೇಜರಿನ ಅದೇ ವಿಭಾಗದಲ್ಲಿ Memory ನೋಡಿ. Slots used ಎದುರು 1 of 2 ಎಂದೂ Form factor ಎದುರು SODIMM ಎಂದೂ ಇದ್ದರೆ ಒಂದು ಸ್ಲಾಟ್ ಖಾಲಿ ಇದೆ, ಅದಕ್ಕೆ ಇನ್ನೊಂದು 4 ಜಿಬಿ ಸೇರಿಸಿದರಾಯಿತು. Row of chips ಎಂದಿದ್ದರೆ ಇರುವ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ. ಆಗ ಖಾಲಿ ಸ್ಲಾಟ್ ಇದೆಯೇ ಎಂದು ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ಮುಂದುವರಿಯಬೇಕು. ಕೊಳ್ಳುವಾಗ ಡಿಡಿಆರ್3ಎಲ್, ಡಿಡಿಆರ್4 ಎಂಬ ವ್ಯತ್ಯಾಸ ನೆನಪಿರಲಿ, ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದೇ ಇಲ್ಲ.

ತಂಗಿಯ i3-7020Uಗೆ ಇಷ್ಟೆಲ್ಲ ಮಾಡಿದರೂ ಪ್ರೊಸೆಸರ್ ಅಡ್ಡಬರುತ್ತದೆ. ರಿಜಿಸ್ಟ್ರಿ ತಿದ್ದಿಯೋ ತಪಾಸಣೆ ತಪ್ಪಿಸುವ ಪೆನ್‌ಡ್ರೈವ್ ಮಾಡಿಯೋ ವಿಂಡೋಸ್ 11 ಹಾಕುವ ಉಪಾಯಗಳಿವೆ, ಬಹಳ ಜನ ಹಾಕಿಕೊಂಡಿದ್ದಾರೆ, ಕೆಲಸವೂ ಮಾಡುತ್ತದೆ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿಬಿಟ್ಟಿದೆ, ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಮತ್ತೆ ಅದೇ ಉಪಾಯದಿಂದ ಕೈಯಾರೆ ಹಾಕಬೇಕು. ತೀರಾ ಹಳೆಯ ಪ್ರೊಸೆಸರುಗಳಿಗಂತೂ ಅದೂ ಇಲ್ಲ. SSE4.2 ಎಂಬ ಆದೇಶಗಳ ಗುಂಪು ಇಲ್ಲದ ಚಿಪ್ಪಿನಲ್ಲಿ 24H2 ಆವೃತ್ತಿ ಬೂಟ್ ಆಗುವುದೇ ಇಲ್ಲ. ಬ್ಯಾಂಕಿನ ಕೆಲಸಕ್ಕೆ ಬಳಸುವ ಲ್ಯಾಪ್‌ಟಾಪಾದರೆ ನಾನು ಈ ದಾರಿ ಹೇಳುವುದಿಲ್ಲ. ವಿಂಡೋಸ್ 10ರ 22H2 ಆವೃತ್ತಿಗೆ ಮೈಕ್ರೋಸಾಫ್ಟ್ ESU ಎಂಬ ಹೆಸರಿನಲ್ಲಿ ಕೊಟ್ಟ ಹೆಚ್ಚುವರಿ ಭದ್ರತಾ ಅಪ್‌ಡೇಟಿನ ಅವಧಿ 2026ರ ಅಕ್ಟೋಬರ್ 13ರವರೆಗೆ. ಅದರಾಚೆಗೆ ಬ್ರೌಸಿಂಗ್, ಪತ್ರ ಬರೆಯುವುದು, ವಿಡಿಯೋ ನೋಡುವುದಷ್ಟೇ ಇದ್ದರೆ ಎಸ್‌ಎಸ್‌ಡಿ ಹಾಕಿಸಿ ಲಿನಕ್ಸ್ ಮಿಂಟ್ ಇಳಿಸಿಕೊಳ್ಳಬಹುದು. ಪೆನ್‌ಡ್ರೈವಿನಿಂದ ನಡೆಸಿ, ವೈಫೈ ಮತ್ತು ಪ್ರಿಂಟರ್ ಹಿಡಿಯುತ್ತವೋ ಎಂದು ನೋಡಿಕೊಂಡ ಮೇಲೇ ಡಿಸ್ಕಿಗೆ ಹಾಕುವ ಅನುಕೂಲ ಅದರಲ್ಲಿದೆ.

ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳಲು ಹೋದವರೂ ಇದೇ ಕ್ರಮದಲ್ಲಿ ನೋಡಬೇಕು. ವಿಂಡೋಸ್ 11 ಹಾಕಿಯೇ ಕೊಡುತ್ತೇವೆ ಅಂದ ಮಾತ್ರಕ್ಕೆ ಯಂತ್ರಕ್ಕೆ ಅರ್ಹತೆ ಇದೆ ಅಂತಲ್ಲ, ಆರನೆಯ ತಲೆಮಾರಿನದರ ಮೇಲೂ ಹಾಕಿಕೊಡಲು ಬರುತ್ತದೆ. ದುಡ್ಡು ಎಣಿಸುವ ಮುಂಚೆ ಅಲ್ಲೇ ನಿಂತು `msinfo32` ಮತ್ತು `tpm.msc` ಎರಡನ್ನೂ ತೆರೆಸಿ ನೋಡಿ. ಅಡ್ಡಗೆರೆಯ ಮುಂದಿನ ಅಂಕಿ 6 ಅಥವಾ 7 ಆಗಿದ್ದರೆ ಬೆಲೆಯ ಮಾತು ಬೇರೆಯೇ ಆಗಬೇಕು.