ಪ್ರಾಚೀನ ಪಾಠಗಳೂ ಯಂತ್ರಶೋಧಕಗಳೂ

೧

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಂವಿಧಾನಕ್ಕೆ ೧೭೮೭ರ ಸೆಪ್ಟೆಂಬರ್ ೧೭ರಂದು ಫಿಲಡೆಲ್ಫಿಯ ನಗರದಲ್ಲಿ ಸಹಿ ಬಿದ್ದಿತು. ಅದನ್ನು ರಚಿಸಿದವರು ಯಾರು, ಯಾವ ವಾದವಿವಾದಗಳಾದ ಮೇಲೆ ಯಾವ ಮಾತು ಉಳಿಯಿತು ಎಂಬುದಕ್ಕೆ ಸಮಕಾಲೀನ ದಾಖಲೆಗಳಿವೆ. ಹೀಗಿದ್ದೂ ೨೦೨೩ರಲ್ಲಿ ಈ ಸಂವಿಧಾನದ ಪಾಠವನ್ನು ಜಿಪಿಟಿ-ಜೀರೋ ಎಂಬ ಶೋಧಕಕ್ಕೆ ಒಡ್ಡಿದಾಗ, ಅದು ಯಂತ್ರವೇ ಬರೆದುದಾಗಿರಬಹುದೆಂಬ ತೀರ್ಪು ಹೊರಬಿದ್ದಿತು. ವಿದ್ಯುದ್ದೀಪವೂ ಇಲ್ಲದಿದ್ದ ಕಾಲದ ಬರಹವನ್ನು ಗಣಕಯಂತ್ರದ ಕೃತಿಯೆಂದು ಹೇಳಿದ ಈ ತೀರ್ಪನ್ನು ಕಂಡು ನಕ್ಕವರು ಹಲವರು. ಆದರೆ ನಕ್ಕು ಬಿಟ್ಟುಬಿಡುವ ವಿಷಯ ಇದಲ್ಲ. ಶೋಧಕವು ಇಲ್ಲಿ ತನ್ನ ಲೆಕ್ಕದಲ್ಲಿ ತಪ್ಪಲಿಲ್ಲ. ಲೆಕ್ಕದಿಂದ ನಿರ್ಣಯಕ್ಕೆ ಹೋಗುವ ದಾರಿಯಲ್ಲಿ ತಪ್ಪಿತು. ಆ ದಾರಿ ಯಾವುದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಹಳೆಯ ಪಾಠಗಳನ್ನು ಹೇರಳವಾಗಿ ಉದ್ಧರಿಸಿ ಬರೆಯುವ ಸಂಶೋಧಕರಿಗೆ ಇದು ಬರಿಯ ಕುತೂಹಲದ ಸಂಗತಿಯಲ್ಲ. ಪ್ರಬಂಧವೊಂದರ ಮೂರರಲ್ಲಿ ಒಂದು ಪಾಲು ವಚನಗಳೂ ಶಾಸನಗಳೂ ಆಗಿದ್ದು, ಇಡಿಯ ಪ್ರಬಂಧವನ್ನು ಶೋಧಕವೊಂದು ಶೇಕಡಾ ಇಷ್ಟು ಯಂತ್ರಕೃತವೆಂದು ಅಳೆದರೆ, ಬಸವಣ್ಣನವರ ಮಾತಿಗೆ ಬಿದ್ದ ಅಂಕವು ಪ್ರಬಂಧಕಾರನ ಪ್ರಾಮಾಣಿಕತೆಯ ಲೆಕ್ಕಕ್ಕೆ ಸೇರುತ್ತದೆ. ಕೊಚ್ಚಿ, ತಿರುವನಂತಪುರಗಳಂಥ ಊರುಗಳಲ್ಲಿ, ಕನ್ನಡವನ್ನರಿಯದ ಪರೀಕ್ಷಕರ ಮುಂದೆ ಕನ್ನಡ ಉದ್ಧರಣೆಗಳನ್ನಿಡಬೇಕಾದವರಿಗೆ ಈ ಅಪಾಯ ಇನ್ನೂ ಸಮೀಪದ್ದು. ಅಂಕವನ್ನು ಎದುರಿಸಿ ಹೇಳಬಲ್ಲ ಎರಡನೆಯ ಸಾಕ್ಷಿ ಅಲ್ಲಿ ಇರುವುದಿಲ್ಲ.

೨

ಶೋಧಕವು ಏನನ್ನು ಅಳೆಯುತ್ತದೆ? ಬರಹವನ್ನು ಓದಿ ಅದರ ಅರ್ಥವನ್ನೋ ಕಾಲವನ್ನೋ ಅದು ವಿಚಾರಿಸುವುದಿಲ್ಲ. ಈ ಬಗೆಯ ಹಲವು ಶೋಧಕಗಳ ಒಳಗೆ ಒಂದು ಭಾಷಾಮಾದರಿ ಇರುತ್ತದೆ. ಹಿಂದಿನ ಪದಗಳನ್ನು ನೋಡಿ ಮುಂದಿನ ಪದ ಯಾವುದಿರಬಹುದೆಂದು ಊಹಿಸುವುದೇ ಭಾಷಾಮಾದರಿಯ ಕೆಲಸ. ಪ್ರತಿಯೊಂದು ಪದಕ್ಕೂ ಅದು ಒಂದು ಸಂಭವನೀಯತೆಯನ್ನು ಕೊಡುತ್ತದೆ. ನಿಜವಾಗಿ ಬಂದ ಪದವು ಊಹೆಗೆ ಸಮೀಪವಾಗಿದ್ದರೆ ಯಂತ್ರಕ್ಕೆ ಆಶ್ಚರ್ಯವಿಲ್ಲ. ದೂರವಾಗಿದ್ದರೆ ಆಶ್ಚರ್ಯ ಹೆಚ್ಚು. ಇಡಿಯ ಬರಹದ ಸರಾಸರಿ ಆಶ್ಚರ್ಯವನ್ನು ಪರ್ಪ್ಲೆಕ್ಸಿಟಿ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅದನ್ನು ವಿಸ್ಮಯಾಂಕ ಎನ್ನಬಹುದು.

ಒಂದು ಸಣ್ಣ ಲೆಕ್ಕದಿಂದ ಇದು ಸ್ಪಷ್ಟವಾದೀತು. ಕೆಳಗಿನ ಸಂಖ್ಯೆಗಳು ತಿಳಿವಳಿಕೆಗಾಗಿ ಆರಿಸಿಕೊಂಡವು. ಒಬ್ಬ ಲೇಖಕನು ಸ್ವತಂತ್ರವಾಗಿ ಬರೆದ ವಾಕ್ಯದ ನಾಲ್ಕು ಪದಗಳಿಗೆ ಮಾದರಿಯು ೧/೮, ೧/೩೨, ೧/೪, ೧/೬೪ ಎಂಬ ಸಂಭವನೀಯತೆಗಳನ್ನು ಕೊಟ್ಟಿತೆನ್ನಿ. ಇವುಗಳ ಗುಣಲಬ್ಧ ೧/೬೫,೫೩೬. ಅದರ ನಾಲ್ಕನೆಯ ಮೂಲವನ್ನು ತೆಗೆದು ತಿರುವಿದರೆ ವಿಸ್ಮಯಾಂಕ ೧೬. ಎಂದರೆ ಪ್ರತಿ ಹೆಜ್ಜೆಯಲ್ಲಿಯೂ ಮಾದರಿಯು ಸರಾಸರಿ ಹದಿನಾರು ಸಮಾನ ಸಾಧ್ಯತೆಗಳ ನಡುವೆ ತಡವರಿಸಿತೆಂದು ಅರ್ಥ. ಯಂತ್ರವೇ ಬರೆದ ವಾಕ್ಯದಲ್ಲಿ ಆ ಸಂಭವನೀಯತೆಗಳು ೧/೨, ೧/೮, ೧/೪, ೧/೪ ಆಗಿದ್ದರೆ ವಿಸ್ಮಯಾಂಕ ೪. ಯಂತ್ರವು ತನಗೆ ಹೆಚ್ಚು ಸಂಭವನೀಯವೆಂದು ತೋರಿದ ಪದಗಳನ್ನೇ ಬಹುಮಟ್ಟಿಗೆ ಆರಿಸುವುದರಿಂದ ಅದರ ಬರಹ ಅದರಂಥ ಇನ್ನೊಂದು ಯಂತ್ರಕ್ಕೆ ಸುಲಭವಾಗಿ ಕಾಣುವುದು ಸಹಜ. ಶೋಧಕವು ಇವೆರಡರ ನಡುವೆ, ೮ ಎಂದಿಟ್ಟುಕೊಳ್ಳಿ, ಒಂದು ಗಡಿಯನ್ನು ಗುರುತುಮಾಡುತ್ತದೆ. ಗಡಿಯ ಕೆಳಗೆ ಬಿದ್ದುದೆಲ್ಲ ಯಂತ್ರಕೃತ, ಮೇಲಿರುವುದು ಮನುಷ್ಯಕೃತ. ವಾಕ್ಯದಿಂದ ವಾಕ್ಯಕ್ಕೆ ಈ ಅಂಕ ಎಷ್ಟು ಏರಿಳಿಯುತ್ತದೆಂಬುದನ್ನೂ ಕೆಲವು ಶೋಧಕಗಳು ಜೊತೆಗೆ ನೋಡುತ್ತವೆ.

೩

ಈಗ ಸಂವಿಧಾನದ ಪಾಠಕ್ಕೆ ಬರಬಹುದು. ಭಾಷಾಮಾದರಿಗಳನ್ನು ಪಳಗಿಸಲು ಬಳಸುವ ಬರಹದ ರಾಶಿಯಲ್ಲಿ ಸಾಮಾನ್ಯ ಲೇಖನವೊಂದು ಒಂದೋ ಎರಡೋ ಸಲ ಇರುತ್ತದೆ. ಸಂವಿಧಾನವಾದರೋ ಸರಕಾರದ ಪುಟಗಳಲ್ಲಿ, ಶಾಲಾಪಾಠಗಳಲ್ಲಿ, ನ್ಯಾಯಾಲಯದ ತೀರ್ಪುಗಳಲ್ಲಿ, ಟೀಕೆಗಳಲ್ಲಿ ಮತ್ತೆ ಮತ್ತೆ ಅಕ್ಷರಶಃ ಬರುತ್ತದೆ. ಹಕ್ಕುಸ್ವಾಮ್ಯದ ತಡೆಯಿಲ್ಲದ ಹಳೆಯ ಪಾಠವಾದುದರಿಂದ ಯಾರು ಬೇಕಾದರೂ ಅದನ್ನು ಪೂರ್ತಿಯಾಗಿ ಪ್ರತಿಮಾಡಬಹುದು. ಹೀಗೆ ಪುನರಾವೃತ್ತವಾದ ಪಾಠವನ್ನು ಮಾದರಿಯು ಕಂಠಪಾಠ ಮಾಡಿಬಿಡುತ್ತದೆ. ಈ ಕಂಠಪಾಠವು ಮೂರು ಕಾರಣಗಳಿಂದ ಬಲಗೊಳ್ಳುತ್ತದೆ: ಮಾದರಿ ದೊಡ್ಡದಾದಷ್ಟೂ, ಪ್ರತಿಗಳು ಹೆಚ್ಚಾದಷ್ಟೂ, ಮುಂದಿಟ್ಟ ಭಾಗ ಉದ್ದವಾದಷ್ಟೂ ನೆನಪು ಗಟ್ಟಿಯಾಗುತ್ತದೆ. ಮೂರನೆಯ ಕಾರಣದಿಂದ, ಮೊದಲ ಕೆಲವು ಪದಗಳಲ್ಲಿ ಸ್ವಲ್ಪ ತಡವರಿಸಿದ ಯಂತ್ರವು ಪಾಠದ ಗುರುತು ಸಿಕ್ಕಿದೊಡನೆ ಮುಂದಿನದನ್ನೆಲ್ಲ ಒಂದೇ ಓಟದಲ್ಲಿ ಒಪ್ಪಿಸುತ್ತದೆ. ಮೊದಲ ಮಾತನ್ನು ಎತ್ತಿಕೊಟ್ಟರೆ ಮಗ್ಗಿಯನ್ನು ಕೊನೆಯತನಕ ಹೇಳುವ ಹುಡುಗನ ರೀತಿಯಿದು.

ಮೇಲಿನ ಲೆಕ್ಕಕ್ಕೆ ಇದನ್ನು ಸೇರಿಸಿ ನೋಡಬಹುದು. ಕಂಠಪಾಠವಾದ ಪಾಠದ ಪ್ರತಿ ಪದಕ್ಕೂ ಮಾದರಿಯು ೯/೧೦ರಷ್ಟು ಸಂಭವನೀಯತೆ ಕೊಟ್ಟರೆ ವಿಸ್ಮಯಾಂಕ ಸುಮಾರು ೧.೧. ಇದು ೮ರ ಗಡಿಗಿಂತ ಎಷ್ಟೋ ಕೆಳಗೆ. ಶೋಧಕದ ಕಣ್ಣಿಗೆ ಇದಕ್ಕಿಂತ ಯಂತ್ರಸದೃಶವಾದ ಬರಹ ಇನ್ನೊಂದಿಲ್ಲ. ಜಿಪಿಟಿ-ಜೀರೋವನ್ನು ನಿರ್ಮಿಸಿದ ಎಡ್ವರ್ಡ್ ಟಿಯನ್ ಅವರೂ ೨೦೨೩ರಲ್ಲಿ ಇದೇ ಕಾರಣವನ್ನು ಹೇಳಿದರು. ಶಾಸನಭಾಷೆಯಲ್ಲಿ ಒಂದೇ ಅಚ್ಚಿನ ವಾಕ್ಯಗಳು ಸಾಲಾಗಿ ಬರುವುದರಿಂದ ಏರಿಳಿತವೂ ಕಡಿಮೆಯಾಗುತ್ತದೆ. ಆದರೆ ಅದು ಉಪಕಾರಣ. ಮುಖ್ಯ ಕಾರಣ ನೆನಪೇ.

ಬರಿಯ ವಿಸ್ಮಯಾಂಕವನ್ನು ನಂಬದೆ, ಎರಡು ಮಾದರಿಗಳ ಅಂಕಗಳನ್ನು ಒಂದರೊಡನೊಂದು ಹೋಲಿಸುವ ಬೈನಾಕ್ಯುಲರ್ಸ್ ಎಂಬ ಶೋಧನಪದ್ಧತಿಯನ್ನು ೨೦೨೪ರಲ್ಲಿ ಪ್ರಕಟಿಸಿದ ವಿದ್ವಾಂಸರು ಕೂಡ ಅಮೆರಿಕದ ಸಂವಿಧಾನವು ತಮ್ಮ ಪದ್ಧತಿಯಲ್ಲಿಯೂ ಯಂತ್ರದ ಪಾಳಿಗೆ ಬೀಳುತ್ತದೆಂದು ಬರೆದಿದ್ದಾರೆ. ಪದ್ಧತಿಯನ್ನು ತಿದ್ದಿದರೂ ನೆನಪಿನ ನೆರಳು ಹೋಗುವುದಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

೪

ಇಲ್ಲಿಯ ದೋಷವು ತರ್ಕಶಾಸ್ತ್ರಕ್ಕೆ ಹೊಸದಲ್ಲ. ಬೆಟ್ಟದಲ್ಲಿ ಹೊಗೆ ಕಂಡುದರಿಂದ ಬೆಂಕಿಯನ್ನು ಊಹಿಸುವುದು ಯುಕ್ತ. ಬೆಂಕಿ ಇದೆಯಾದುದರಿಂದ ಹೊಗೆಯೂ ಇರಬೇಕೆಂದರೆ ಅದು ಯುಕ್ತವಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇರುತ್ತದೆ, ಹೊಗೆ ಇರುವುದಿಲ್ಲ. ಬೆಂಕಿಯೊಡನೆ ಹಸಿಯ ಸೌದೆಯೂ ಕೂಡಿದಾಗ ಮಾತ್ರ ಹೊಗೆ ಹುಟ್ಟುತ್ತದೆ. ನೈಯಾಯಿಕರು ಇಂಥ ಹೇತುವನ್ನು ವ್ಯಭಿಚಾರಿ ಎಂದು ಕರೆದರು. ಯಂತ್ರ ಬರೆದುದರ ವಿಸ್ಮಯಾಂಕ ಸಾಮಾನ್ಯವಾಗಿ ಕಡಿಮೆ. ಆದುದರಿಂದ ವಿಸ್ಮಯಾಂಕ ಕಡಿಮೆಯಾದುದನ್ನೆಲ್ಲ ಯಂತ್ರ ಬರೆಯಿತೆಂಬುದು ಇದೇ ಜಾತಿಯ ಅನುಮಾನ. ಕಡಿಮೆಯ ಅಂಕಕ್ಕೆ ಎರಡು ಮೂಲಗಳಿವೆ: ಯಂತ್ರವು ಆ ಬರಹವನ್ನು ಬರೆದಿರಬಹುದು, ಅಥವಾ ಓದಿರಬಹುದು. ಅಂಕವೊಂದೇ ಇವೆರಡನ್ನೂ ಬೇರ್ಪಡಿಸಲಾರದು.

ನಿರ್ಮಾಪಕರಿಗೂ ಇದರ ಅರಿವು ಇಲ್ಲದೆ ಇರಲಿಲ್ಲ. ಓಪನ್‌ಎಐ ಸಂಸ್ಥೆಯು ೨೦೨೩ರ ಜನವರಿಯಲ್ಲಿ ತನ್ನ ಶೋಧಕವನ್ನು ಬಿಡುಗಡೆ ಮಾಡಿದಾಗ, ಮೊದಲ ಸಾವಿರ ಅವಿಭಾಜ್ಯ ಸಂಖ್ಯೆಗಳ ಪಟ್ಟಿಯಂಥ, ಮೊದಲೇ ಊಹಿಸಬಹುದಾದ ಪಾಠಗಳಲ್ಲಿ ಕರ್ತೃನಿರ್ಣಯ ಅಸಾಧ್ಯವೆಂದು ತಾನೇ ಎಚ್ಚರಿಸಿತು. ಅದರ ಸ್ವಂತ ಪರೀಕ್ಷೆಯಲ್ಲಿಯೇ ಮನುಷ್ಯರ ಬರಹದಲ್ಲಿ ಶೇಕಡಾ ೯ರಷ್ಟು ಯಂತ್ರಕೃತವೆಂದು ತಪ್ಪಾಗಿ ಎಣಿಕೆಯಾಗಿತ್ತು. ಯಂತ್ರದ ಬರಹದಲ್ಲಿ ಸರಿಯಾಗಿ ಸಿಕ್ಕಿಬಿದ್ದುದು ಶೇಕಡಾ ೨೬. ಅದೇ ವರ್ಷದ ಜುಲೈಯಲ್ಲಿ, ನಿಖರತೆ ಸಾಲದೆಂದು ಅದನ್ನು ಹಿಂತೆಗೆದುಕೊಂಡಿತು.

೫

ಕನ್ನಡಕ್ಕೆ ಬಂದರೆ ನೆನಪಿನ ಜೊತೆಗೆ ಲಿಪಿಯ ತೊಡಕೂ ಕೂಡಿಕೊಳ್ಳುತ್ತದೆ. ಹನ್ನೆರಡನೆಯ ಶತಮಾನದ ವಚನಗಳಲ್ಲಿ ಪ್ರಸಿದ್ಧವಾದವು ಅಂತರ್ಜಾಲದಲ್ಲಿ ಎಷ್ಟೋ ಕಡೆ ಇವೆ. ಅವುಗಳಿಗೆ ಸಂವಿಧಾನದ ಗತಿಯೇ ಬರುವ ಸಾಧ್ಯತೆ ಉಂಟು. ಬಿ. ಎಲ್. ರೈಸರು ೧೮೮೬ರಿಂದ ಪ್ರಕಟಿಸತೊಡಗಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಹುದುಗಿ, ಯಾರೂ ಗಣಕಕ್ಕೆ ಏರಿಸದ ಶಾಸನಕ್ಕೆ ಈ ಭಯವಿಲ್ಲ. ಪ್ರಾಚೀನತೆಯಿಂದ ಅಪಾಯವಿಲ್ಲ, ಪ್ರಸಾರದಿಂದ ಅಪಾಯ ಎಂಬುದನ್ನು ಮನಗಾಣಬೇಕು.

ಲಿಪಿಯ ತೊಡಕು ಹೀಗಿದೆ. ಗಣಕವು ಕನ್ನಡದ ಒಂದೊಂದು ಸಂಕೇತವನ್ನೂ ಮೂರು ಬೈಟುಗಳಲ್ಲಿ ಬರೆದಿಡುತ್ತದೆ. ‘ಕ’ ಎಂಬುದರ ಬೈಟುಗಳು `E0 B2 95`. ಮಲಯಾಳದ ‘ಕ’ಕಾರಕ್ಕೆ `E0 B4 95`, ನಡುವಿನ ಒಂದರಲ್ಲಿ ಮಾತ್ರ ಭೇದ. ಕನ್ನಡದ ಎಲ್ಲ ಸಂಕೇತಗಳಿಗೂ ಮೊದಲನೆಯದು `E0`, ಎರಡನೆಯದು `B2` ಅಥವಾ `B3`. ಇಂಗ್ಲಿಷಿಗಾಗಿ ರೂಪಿಸಿದ ಮಾದರಿಗಳು ಎಷ್ಟೋ ವೇಳೆ ಕನ್ನಡ ಪದವನ್ನು ಪದವಾಗಿ ನೋಡದೆ ಇಂಥ ಬೈಟುಗಳ ತುಣುಕುಗಳಾಗಿ ಒಡೆದು ಓದುತ್ತವೆ. ಆಗ ಮೊದಲೆರಡು ತುಣುಕುಗಳನ್ನು ಊಹಿಸುವುದು ಬಹಳ ಸುಲಭ. ನಿಜವಾದ ಆಯ್ಕೆ ಇರುವುದು ಮೂರನೆಯದರಲ್ಲಿ. ಮೂರನೆಯ ತುಣುಕಿಗೆ ೧/೬೪, ಮೊದಲೆರಡಕ್ಕೆ ೧ ಎಂದು ಸಂಭವನೀಯತೆ ಹಿಡಿದರೆ, ಸಂಕೇತವೊಂದರ ವಿಸ್ಮಯಾಂಕ ೬೪ ಆಗಿದ್ದರೂ ತುಣುಕುಗಳ ಸರಾಸರಿ ೬೪ರ ಘನಮೂಲವಾದ ೪ಕ್ಕೆ ಇಳಿಯುತ್ತದೆ. ಇಂಗ್ಲಿಷಿಗೆಂದು ೮ರಲ್ಲಿಟ್ಟ ಗಡಿಯನ್ನು ಇದಕ್ಕೆ ಹಚ್ಚಿದರೆ, ಯಂತ್ರವು ಎಂದೂ ಓದಿರದ ಕನ್ನಡವೂ ಯಂತ್ರಕೃತವೆನಿಸಿಕೊಳ್ಳುತ್ತದೆ. ಆದುದರಿಂದ ಕನ್ನಡಕ್ಕೆ ಪ್ರತ್ಯೇಕವಾಗಿ ಗಡಿಯನ್ನು ಕಟ್ಟದ ಶೋಧಕದ ಅಂಕಕ್ಕೆ ಕನ್ನಡದಲ್ಲಿ ಬೆಲೆಯಿಲ್ಲ.

೬

ನೆನಪಿನಿಂದ ಬಂದ ಅಂಕವನ್ನು ಗುರುತಿಸುವುದು ಹೇಗೆ? ಮೊದಲನೆಯದಾಗಿ, ಅಂಕದ ಪ್ರಮಾಣವನ್ನೇ ನೋಡಬೇಕು. ಯಂತ್ರದ ಸಹಜ ಗದ್ಯದಲ್ಲಿ ಒಂದೊಂದು ಸ್ಥಾನಕ್ಕೂ ಎರಡು ಮೂರು ಪದಗಳು ಪೈಪೋಟಿ ನಡೆಸುತ್ತಿರುತ್ತವೆ. ಆದುದರಿಂದ ವಿಸ್ಮಯಾಂಕ ಕಡಿಮೆಯಾದರೂ ಒಂದಕ್ಕೆ ಅಂಟಿಕೊಂಡಿರುವುದಿಲ್ಲ. ಅದು ಒಂದರ ಹತ್ತಿರಕ್ಕೆ ಬಂದು, ಪಾಠ ಮುಂದುವರಿದಂತೆ ಇನ್ನೂ ಇಳಿಯುತ್ತಿದ್ದರೆ ಅದು ಕಂಠಪಾಠದ ಗುರುತು.

ಎರಡನೆಯದು, ಪದವನ್ನು ಬದಲಿಸಿ ನೋಡುವುದು. ಪಾಠದ ಒಂದು ಪದವನ್ನು ತೆಗೆದು ಅಷ್ಟೇ ಅರ್ಥದ ಇನ್ನೊಂದನ್ನಿಟ್ಟರೆ ಯಂತ್ರದ ಗದ್ಯದಲ್ಲಿ ಅಂಕ ಸ್ವಲ್ಪ ಮಾತ್ರ ಏರುತ್ತದೆ. ಕಂಠಪಾಠದಲ್ಲಿ ಆ ಸ್ಥಾನಕ್ಕೆ ಒಂದೇ ಪದಕ್ಕೆ ಹಕ್ಕು. ಬದಲಿಸಿದಲ್ಲಿ ಆಶ್ಚರ್ಯವು ಥಟ್ಟನೆ ನೆಗೆಯುತ್ತದೆ.

ಮೂರನೆಯದು, ಹೋಲಿಕೆ. ಅದೇ ಕಾಲದ, ಅದೇ ಶೈಲಿಯ, ಆದರೆ ಎಂದೂ ಅಂತರ್ಜಾಲಕ್ಕೆ ಬಾರದ ಕಾಗದವನ್ನೋ ಶಾಸನವನ್ನೋ ಅದೇ ಶೋಧಕಕ್ಕೆ ಒಡ್ಡಬೇಕು. ಶೈಲಿಯೇ ಕಾರಣವಾಗಿದ್ದರೆ ಎರಡಕ್ಕೂ ಸಮೀಪದ ಅಂಕ ಬರಬೇಕು. ಪ್ರಸಿದ್ಧ ಪಾಠ ಮಾತ್ರ ಕೆಳಗೆ ಬಿದ್ದರೆ ಕಾರಣ ನೆನಪು.

ಇವೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಪ್ರಬಂಧವನ್ನು ಅಳೆಯುವ ಮುನ್ನ ಉದ್ಧರಣೆಗಳನ್ನೆಲ್ಲ ತೆಗೆದು, ಲೇಖಕನ ಸ್ವಂತ ವಾಕ್ಯಗಳನ್ನಷ್ಟೇ ಇಡಬೇಕು. ಉದ್ಧರಣೆಗಳಿಗೆ ಬಿದ್ದ ಅಂಕವನ್ನು ಬೇರೆಯಾಗಿ ಬರೆದಿಡಬೇಕು. ಇನ್ನು ಕಾಲನಿರ್ಣಯಕ್ಕೆ, ಅಚ್ಚಿನ ವರ್ಷ, ಹಸ್ತಪ್ರತಿ, ಕಲ್ಲಿನ ಮೇಲಣ ಅಕ್ಷರ ಇವುಗಳಿರುವಲ್ಲಿ ಶೋಧಕದ ಅಂಕಕ್ಕೆ ಸಾಕ್ಷಿಯ ಸ್ಥಾನವೇ ಇಲ್ಲ. ಭಾಷಾಮಾದರಿಗಳು ಹುಟ್ಟುವ ಮೊದಲೇ ಅಚ್ಚಾದ ಪುಟವನ್ನು ಅವು ಬರೆದಿರಲಾರವು. ಆ ಪುಟದ ಬಗೆಗೆ ಶೋಧಕವು ಹೇಳಬಲ್ಲುದು ಒಂದೇ ಮಾತು: ಇದನ್ನು ಯಂತ್ರವು ಹಿಂದೆ ಓದಿದೆ.