ತರಗತಿ ಶುರುವಾಗುವ ಮುಂಚೆ ಬಿಟ್ಟರೆ ಕೋಚಿಂಗ್ ಫೀಸು ವಾಪಸು ಸಿಗುತ್ತದೆಯೇ?



ಮಕ್ಕಳ ಕೋಚಿಂಗ್‌ಗೆಂದು ಸಂಘದಲ್ಲಿ ಸಾಲ ಕೇಳುವವರು ಈಗ ಹೆಚ್ಚಾಗಿದ್ದಾರೆ. ಹಣ ಕಟ್ಟಿದ ಮೇಲೆ ಮಗುವಿಗೆ ಬೇರೆ ಕಡೆ ಸೀಟು ಸಿಕ್ಕಿತು ಅಂತಿಟ್ಟುಕೊಳ್ಳಿ. ಹಣ ವಾಪಸು ಕೇಳಲು ಹೋದರೆ ಸೆಂಟರಿನವರು ರಶೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿರುವ ಒಂದು ಸಾಲು ತೋರಿಸುತ್ತಾರೆ: 'ಒಮ್ಮೆ ಕಟ್ಟಿದ ಶುಲ್ಕ ಹಿಂದಿರುಗಿಸಲಾಗುವುದಿಲ್ಲ.' ಹೆಚ್ಚಿನವರು ಅಲ್ಲಿಂದಲೇ ಮನೆಗೆ ಬಂದುಬಿಡ್ತಾರೆ. ಆದರೆ ಆ ಸಾಲೇ ಕೊನೆಯ ಮಾತಲ್ಲ. ಶಾಲೆ ಕಾಲೇಜುಗಳ ವಿಷಯ ಬೇರೆ. ಕೋಚಿಂಗ್ ಸೆಂಟರ್ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಹೇಳಿದೆ. ಒಂದು ದಿನವೂ ಪಾಠ ಮಾಡದೆ ಪೂರ್ತಿ ಹಣ ಇಟ್ಟುಕೊಳ್ಳುವುದನ್ನು ಅಲ್ಲಿ ಪ್ರಶ್ನಿಸಬಹುದು.

ಒಂದು ಉದಾಹರಣೆ ನೋಡೋಣ. ಒಬ್ಬ ತಾಯಿ ಮಗಳ ನೀಟ್ ಕೋಚಿಂಗ್‌ಗೆ ಏಪ್ರಿಲ್ 20ರಂದು 47,200 ರೂಪಾಯಿ ಕಟ್ಟಿದರು. ಇದರಲ್ಲಿ ಫೀಸು 40,000, ಅದರ ಮೇಲೆ ಶೇಕಡಾ 18ರಂತೆ ಜಿ.ಎಸ್.ಟಿ. 7,200. ಇದಕ್ಕಾಗಿ ಸಂಘದಿಂದ ತೆಗೆದ ಸಾಲ 25,000. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿಯಂತೆ ತಿಂಗಳಿಗೆ 375 ರೂಪಾಯಿ ಹೋಗುತ್ತಿತ್ತು. ತರಗತಿ ಶುರುವಾಗುವುದು ಜೂನ್ 9ಕ್ಕೆ. ಮೇ 26ರಂದು ಮಗಳು ಊರಿನ ಸರ್ಕಾರಿ ಕಾಲೇಜಿಗೆ ಬಿ.ಎಸ್ಸಿ.ಗೆ ಸೇರಿದಳು.

ಇಲ್ಲಿ ಮುಖ್ಯವಾದದ್ದು ತಾರೀಕು. ಜೂನ್ 9ಕ್ಕೆ ಮುಂಚೆ ಬಿಟ್ಟದ್ದಕ್ಕೆ ಕೈಯಲ್ಲಿ ಪುರಾವೆ ಇರಬೇಕು. ಫೋನಿನಲ್ಲಿ ಹೇಳಿದ್ದು, ಕೌಂಟರಿನಲ್ಲಿದ್ದ ಹುಡುಗನಿಗೆ ಹೇಳಿದ್ದು ಲೆಕ್ಕಕ್ಕೆ ಬರೋದಿಲ್ಲ. 'ಸರ್ ಬಂದ ಮೇಲೆ ನೋಡೋಣ' ಅಂತ ಎರಡು ವಾರ ಓಡಾಡಿಸಿದರೆ ತರಗತಿ ಶುರುವಾಗಿಬಿಡುತ್ತದೆ. ಆಮೇಲೆ 'ನೀವು ಹೇಳಲೇ ಇಲ್ಲ, ಸೀಟು ಹಾಗೇ ಖಾಲಿ ಉಳಿಯಿತು' ಎನ್ನುತ್ತಾರೆ. ಆದ್ದರಿಂದ ನಿರ್ಧಾರ ಮಾಡಿದ ದಿನವೇ ಪತ್ರ ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ಅಂಚೆ ರಶೀದಿ ಇಟ್ಟುಕೊಳ್ಳಿ. ಪತ್ರ ಹೀಗಿದ್ದರೆ ಸಾಕು:

'ನನ್ನ ಮಗಳ ಹೆಸರಿನಲ್ಲಿ ಏಪ್ರಿಲ್ 20ರಂದು ರಶೀದಿ ನಂಬರ್ ... ಪ್ರಕಾರ 47,200 ರೂ. ಕಟ್ಟಿರುತ್ತೇನೆ. ತರಗತಿ ಜೂನ್ 9ರಂದು ಆರಂಭವಾಗಲಿದೆ. ಅವಳು ಬೇರೆ ಕೋರ್ಸಿಗೆ ಸೇರಿದ್ದರಿಂದ ಇಂದು ಮೇ 26ರಂದು ಪ್ರವೇಶ ರದ್ದು ಮಾಡುತ್ತಿದ್ದೇನೆ. ಯಾವ ತರಗತಿಗೂ ಹಾಜರಾಗಿಲ್ಲ. ಪಡೆದ ಪುಸ್ತಕಗಳನ್ನು ಉಪಯೋಗಿಸದೆ ವಾಪಸು ಕೊಡುತ್ತಿದ್ದೇನೆ. ಅರ್ಜಿ ಮತ್ತು ನೋಂದಣಿಯ ನ್ಯಾಯವಾದ ಖರ್ಚು ಕಳೆದು, ಉಳಿದ ಹಣವನ್ನು ಜಿ.ಎಸ್.ಟಿ. ಸಹಿತ 15 ದಿನದೊಳಗೆ ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕಾಗಿ ಕೋರುತ್ತೇನೆ.'

ಪತ್ರದ ಜೊತೆ ರಶೀದಿಯ ಜೆರಾಕ್ಸ್ ಮಾತ್ರ ಕೊಡಿ. ಅಸಲು ರಶೀದಿ 'ಹೆಡ್ ಆಫೀಸಿಗೆ ಕಳಿಸಬೇಕು' ಅಂದರೂ ಹಣ ಬರುವ ತನಕ ಕೊಡಬೇಡಿ. ನೋಂದಣಿ ಖರ್ಚೆಂದು ಐನೂರು, ಸಾವಿರ ಮುರಿದುಕೊಂಡರೆ ಅದಕ್ಕಾಗಿ ಜಗಳ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

'ಜಿ.ಎಸ್.ಟಿ. ಸರ್ಕಾರಕ್ಕೆ ಹೋಯಿತು, ಅದು ಬರೋದಿಲ್ಲ' ಎನ್ನುವ ಮಾತೂ ಕೇಳಿಬರುತ್ತದೆ. ಪಾಠವೇ ನಡೆಯದಿದ್ದರೆ ತೆರಿಗೆ ಯಾವುದಕ್ಕೆ? ಮುಂಗಡ ಪಡೆದು ಸೇವೆ ಕೊಡದಿದ್ದಾಗ ರೀಫಂಡ್ ವೋಚರ್, ಬಿಲ್ಲು ಆಗಿದ್ದರೆ ಕ್ರೆಡಿಟ್ ನೋಟ್ ಬರೆದು ಆ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಸರಿಮಾಡಿಕೊಳ್ಳಲು ಜಿ.ಎಸ್.ಟಿ. ಕಾನೂನಿನಲ್ಲೇ ದಾರಿ ಇದೆ. ಈ ಎರಡು ಹೆಸರು ಹೇಳಿದರೆ ಅವರ ಅಕೌಂಟೆಂಟ್‌ಗೆ ತಕ್ಷಣ ಗೊತ್ತಾಗುತ್ತದೆ. ಕ್ರೆಡಿಟ್ ನೋಟ್‌ಗೆ ಕಾಲಮಿತಿ ಇರುವುದರಿಂದ ತಡ ಮಾಡಬಾರದು.

ಇನ್ನೊಂದು ಉಪಾಯ, 'ಮುಂದಿನ ವರ್ಷ ತಮ್ಮನನ್ನು ಸೇರಿಸಿ, ಹಣ ಅದಕ್ಕೆ ಹೊಂದಿಸ್ತೇವೆ' ಎನ್ನುವುದು. ಬೇಡವಾದರೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಸಹಿ ಹಾಕಿದರೆ ನೀವೇ ಒಪ್ಪಿಕೊಂಡಂತೆ ಆಗುತ್ತದೆ. ಫೀಸಿಗೆ ಫೈನಾನ್ಸ್ ಕಂಪನಿಯ ಕಂತಿನ ಸಾಲ ಮಾಡಿಸಿದ್ದರೆ ಆ ಕಂಪನಿಗೂ ಅದೇ ದಿನ ಪತ್ರ ಕೊಡಿ. ಇಲ್ಲದಿದ್ದರೆ ಮಗಳು ಹೋಗದ ತರಗತಿಗೆ ಕಂತು ಕಡಿತವಾಗುತ್ತಲೇ ಇರುತ್ತದೆ.

ಹದಿನೈದು ದಿನ ಕಳೆದರೂ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ನಂಬರ್ ಕೇಳಿ ಇಟ್ಟುಕೊಳ್ಳಿ. ಸಹಾಯವಾಣಿ ಆದೇಶ ಮಾಡುವುದಿಲ್ಲ, ಸೆಂಟರಿನವರಿಗೆ ವಿಷಯ ತಲುಪಿಸಿ ರಾಜಿ ಮಾಡಿಸಲು ನೋಡುತ್ತದೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಸೆಂಟರ್ ಬೇರೆ ಊರಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಆಯೋಗದ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ರಶೀದಿ, ಪತ್ರದ ಪ್ರತಿ, ಅಂಚೆ ರಶೀದಿ, ತರಗತಿಯ ತಾರೀಕು ಇರುವ ಕರಪತ್ರ ಜೋಡಿಸಿ. ಮಗಳಿಗೆ 18 ತುಂಬಿದ್ದು ರಶೀದಿ ಅವಳ ಹೆಸರಿನಲ್ಲಿದ್ದರೆ ಅವಳ ಸಹಿಯೂ ಇರಲಿ. ಅಸಲಿನ ಜೊತೆ ಬಡ್ಡಿ ಮತ್ತು ಖರ್ಚನ್ನೂ ಕೇಳಬಹುದು. ಸಂಘದ ಪಾಸ್‌ಬುಕ್ಕಿನಲ್ಲಿರುವ 375 ರೂಪಾಯಿಯ ಲೆಕ್ಕ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಎಷ್ಟು ಕೊಡಿಸಬೇಕೆಂದು ತೀರ್ಮಾನಿಸುವುದು ಆಯೋಗ. ತೀರ್ಪಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ದೂರು ಕೊಡಲು ಎರಡು ವರ್ಷದ ಅವಕಾಶವಿದೆ.