ವಯಸ್ಸು, ಗುರಿ ಮತ್ತು ಹೂಡಿಕೆಯ ಸಮತೋಲನ

ತಾಂಡೂರಿನ 35 ವರ್ಷದ ಶಿಕ್ಷಕಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಮಗಳ ಶುಲ್ಕಕ್ಕೆ ಮೂರು ವರ್ಷಗಳಲ್ಲಿ ಬೇಕಾಗುವ ಹಣವನ್ನು ಅವರು ಬ್ಯಾಂಕಿನಲ್ಲಿಯೇ ಇರಿಸಿದ್ದಾರೆ. ಷೇರುಪೇಟೆ ಕುಸಿದರೆ ಚೇತರಿಕೆಗೆ ಅಷ್ಟು ಕಾಲ ಸಾಲದೆ ಹೋಗಬಹುದು. ನಿವೃತ್ತಿ ದೂರವಿರುವುದರಿಂದ, ಅದಕ್ಕೆ ಮೀಸಲಾದ ಲಕ್ಷ ರೂಪಾಯಿಯಲ್ಲಿ 60,000 ಷೇರು ನಿಧಿಗೂ 40,000 ಠೇವಣಿಗೂ ಸಂದಿವೆ.

ವರ್ಷದಲ್ಲಿ ಷೇರು ನಿಧಿ ಶೇ. 30, ಠೇವಣಿ ಶೇ. 7 ಬೆಳೆದರೆ ಮೊತ್ತಗಳು 78,000 ಮತ್ತು 42,800 ಆಗುತ್ತವೆ. ಷೇರಿನ ಪಾಲು ಸುಮಾರು ಶೇ. 65ಕ್ಕೇರಿ, ಅವರು ಬಯಸದ ಅಪಾಯ ತಾನಾಗಿ ಹೆಚ್ಚುತ್ತದೆ. 5,520 ರೂಪಾಯಿಯನ್ನು ಠೇವಣಿಗೆ ವರ್ಗಾಯಿಸಿದರೆ ಹಳೆಯ ಪ್ರಮಾಣ ಮರಳುತ್ತದೆ. ಮಾರಾಟಕ್ಕೆ ತೆರಿಗೆ ತಗಲುವಂತಿದ್ದರೆ, 9,200 ರೂಪಾಯಿಯ ಹೊಸ ಉಳಿತಾಯವನ್ನು ಠೇವಣಿಗೆ ಸೇರಿಸಿದರೂ ಅದೇ ಫಲ.

ವಯಸ್ಸೇರಿದಂತೆ ಪ್ರಮಾಣವೂ ಬದಲಾಗಬೇಕು. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ ಎಲ್‌ಸಿ-50 ಆಯ್ಕೆಯಲ್ಲಿ 35ರವರೆಗೆ ಶೇ. 50 ಇರುವ ಷೇರಿನ ಪಾಲು, ವರ್ಷಕ್ಕೆ ಎರಡಂಶದಂತೆ ಇಳಿದು 55ಕ್ಕೆ ಶೇ. 10 ಆಗುತ್ತದೆ.